ಶೇ. 93 ಸೇವೆಗೆ ಅಂತ ಬರೆದಿದ್ದಾರೆ, ಮೂರು ಕಡೆ ಮೂರು ಮೊತ್ತ ಇದೆ: ಈ ವಾರ್ಷಿಕ ವರದಿ ಹೇಗೆ ಓದಬೇಕು?

ತಿಪ್ಪೇಶ್, ಚಳ್ಳಕೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು ಸೇರಿ ಪ್ರತಿ ವರ್ಷ ಒಂದಿಷ್ಟು ದುಡ್ಡು ಕೂಡಿಸಿ ಒಳ್ಳೆ ಕೆಲಸಕ್ಕೆ ಕೊಡುತ್ತೇವೆ. ಈ ಸಲ 3 ಲಕ್ಷ ಸೇರಿದೆ. ಚಿತ್ರದುರ್ಗ ಜಿಲ್ಲೆಯಲ್ಲೇ ಕೆಲಸ ಮಾಡುವ ಒಂದು ಟ್ರಸ್ಟ್‌ಗೆ ಕೊಡೋಣ ಅಂತ ಗುಂಪಿನಲ್ಲಿ ಮಾತು ಬಂತು. ಹೆಸರು ಇಲ್ಲಿ ಬೇಡ. ಕಣ್ಣಿನ ಶಿಬಿರ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಟ್ಯೂಷನ್, ಶಾಲಾ ಕಿಟ್ ಹಂಚುವುದು, ಇವು ಅವರ ಕೆಲಸ. ಕೇಳಿದ ತಕ್ಷಣ 2023-24ರ ವಾರ್ಷಿಕ ವರದಿ ಕಳಿಸಿದರು. ಓದಿ ಹೇಳುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ.

ವರದಿ ನೋಡೋಕೆ ಚೆನ್ನಾಗಿದೆ. ಒಳ್ಳೆ ಕಾಗದ, ಮಕ್ಕಳ ಫೋಟೋ. ಮೊದಲ ಪುಟದಲ್ಲೇ ‘24,600 ಜನರ ಬದುಕಿನಲ್ಲಿ ಬೆಳಕು’ ಅಂತಿದೆ. ಮಧ್ಯದ ಪುಟದಲ್ಲಿ ಒಂದು ದುಂಡನೆ ಚಿತ್ರ: ಒಟ್ಟು ಆದಾಯ 1.27 ಕೋಟಿ, ಅದರಲ್ಲಿ ಶೇ. 93 ಸೇವಾ ಕಾರ್ಯಕ್ಕೆ, ಶೇ. 7 ಆಡಳಿತಕ್ಕೆ.

ಕೊನೆಯಲ್ಲಿ ಆಡಿಟರ್ ಸಹಿ ಮಾಡಿದ ಹಾಳೆಗಳನ್ನು ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ಅಲ್ಲಿ ಆದಾಯ 67 ಲಕ್ಷ ಅಂತಿದೆ. ಅಧ್ಯಕ್ಷರ ಮಾತಿನಲ್ಲಿ ‘ಈ ವರ್ಷ ದಾನಿಗಳಿಂದ 79 ಲಕ್ಷ ಬಂತು’ ಅಂತಿದೆ. ಮೂರರಲ್ಲಿ ಯಾವುದು ನಿಜ? ಸುಳ್ಳು ಬರೆದಿದ್ದಾರೋ, ನನಗೇ ಓದೋಕೆ ಬರುತ್ತಿಲ್ಲವೋ ತಿಳಿಯುತ್ತಿಲ್ಲ. ಬಲ್ಲವರು ಹೇಳಿ.

ರುದ್ರೇಶ್, ಹಿರಿಯೂರು

ತಿಪ್ಪೇಶಣ್ಣ, ಮೂರು ಮೊತ್ತ ಅಂದ ಮೇಲೆ ಇನ್ನೇನು ನೋಡೋದಿದೆ? ಕೊಡಬೇಡಿ. ಆಡಳಿತಕ್ಕೆ ಶೇ. 20ಕ್ಕಿಂತ ಜಾಸ್ತಿ ಖರ್ಚು ಮಾಡಬಾರದು ಅಂತ ಕಾನೂನೇ ಇದೆ. ಇವರು 7 ತೋರಿಸಿದ್ದಾರೆ ಅಂದರೆ ಏನೋ ಮುಚ್ಚಿಟ್ಟಿದ್ದಾರೆ. 80ಜಿ ಇದೆಯಾ ಕೇಳಿ. ಇದ್ದರೆ ಸರ್ಕಾರ ಒಂದು ಸಲ ಲೆಕ್ಕ ನೋಡಿದೆ ಅಂತ ಅರ್ಥ.

ಮಲ್ಲಿಕಾರ್ಜುನ, ಹರಿಹರ

80ಜಿ ಮಾತು ಬಂತಲ್ಲ, ನನ್ನದೂ ಒಂದು ಕೇಳಿಬಿಡುತ್ತೇನೆ. ಹೋದ ವರ್ಷ ಒಂದು ಸಂಸ್ಥೆಗೆ 10 ಸಾವಿರ ಕೊಟ್ಟೆ. ಬಿಳಿ ರಸೀದಿ ಕೊಟ್ಟರು. ರಿಟರ್ನ್ ಹಾಕುವವನು ಅದು ನಡೆಯಲ್ಲ ಅಂದ. ಏನು ಮಾಡಬೇಕು?

ವಸಂತಾ, ದಾವಣಗೆರೆ

ಮಲ್ಲಿಕಾರ್ಜುನ ಅವರೇ, ಬರೀ ರಸೀದಿ ಸಾಲದು. ಸಂಸ್ಥೆಯವರು ಆ ವರ್ಷದ ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಮೇ 31ರ ಒಳಗೆ ಆದಾಯ ತೆರಿಗೆ ಪೋರ್ಟಲ್‌ಗೆ ಹಾಕಬೇಕು. ಹಾಕಿದರೆ ನಿಮ್ಮ ಹೆಸರಿಗೆ 10ಬಿಇ ಪ್ರಮಾಣಪತ್ರ ಬರುತ್ತದೆ. ಅದನ್ನು ಕೇಳಿ ಪಡೆಯಿರಿ. ನಗದಾಗಿ ಕೊಟ್ಟಿದ್ದರೆ 2 ಸಾವಿರಕ್ಕಿಂತ ಜಾಸ್ತಿಗೆ ರಿಯಾಯಿತಿ ಸಿಗಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೂ ಸಿಗಲ್ಲ.

ರುದ್ರೇಶ್ ಅವರೇ, ಶೇ. 20ರ ಮಿತಿ ವಿದೇಶದಿಂದ ಬರುವ ದೇಣಿಗೆಗೆ ಮಾತ್ರ. ಮೊದಲು 50 ಇತ್ತು, 2020ರ ತಿದ್ದುಪಡಿಯಲ್ಲಿ 20ಕ್ಕೆ ಇಳಿಸಿದರು. ಇಲ್ಲಿಯ ದುಡ್ಡಿಗೆ ಅದು ಅನ್ವಯಿಸಲ್ಲ. 80ಜಿ ಅನ್ನೋದು ದಾನಿಗೆ ತೆರಿಗೆ ರಿಯಾಯಿತಿ ಕೊಡುವ ಅನುಮತಿ. ಟ್ಯೂಷನ್ ಚೆನ್ನಾಗಿ ನಡೆಯಿತಾ, ಕಣ್ಣು ಕಾಣಿಸಿತಾ ಅಂತ ಅಲ್ಲಿ ಯಾರೂ ನೋಡಲ್ಲ.

ತಿಪ್ಪೇಶ್, ನಾನು ಆಡಿಟರ್ ಕಚೇರಿಯಲ್ಲಿ ಟ್ರಸ್ಟ್‌ಗಳ ಲೆಕ್ಕವನ್ನೇ ನೋಡಿಕೊಂಡು ಬಂದವಳು. ಮೂರು ಮೊತ್ತ ಇದ್ದ ಮಾತ್ರಕ್ಕೆ ಸುಳ್ಳು ಅನ್ನೋಕಾಗಲ್ಲ. ಮೂರೂ ನಿಜ ಇರಬಹುದು, ಮೂರೂ ಬೇರೆ ಬೇರೆ ವಿಷಯ ಹೇಳುತ್ತಿರಬಹುದು. ಕೊನೆಯ ಹಾಳೆಗಳಲ್ಲಿ ‘ಸ್ವೀಕೃತಿ ಮತ್ತು ಪಾವತಿ’ ಅಂತ ಒಂದು ಇರುತ್ತದೆ. ಅದರ ಎರಡೂ ಕಡೆ ಇರುವುದನ್ನು ಇಲ್ಲಿ ಹಾಕಿ.

ತಿಪ್ಪೇಶ್, ಚಳ್ಳಕೆರೆ

ಇದೆ ಮೇಡಂ. ಲಕ್ಷದ ಲೆಕ್ಕಕ್ಕೆ ಇಳಿಸಿ ಹಾಕುತ್ತಿದ್ದೇನೆ.

ಬಂದದ್ದು: ಆರಂಭದ ಶಿಲ್ಕು 18, ದೇಣಿಗೆ 34, ಮೂಲನಿಧಿ ದೇಣಿಗೆ 12, ಕಂಪನಿಯೊಂದರ ಸಿಎಸ್‌ಆರ್ ಅನುದಾನ 30, ಬಡ್ಡಿ 3, ಅವಧಿ ಮುಗಿದ ಎಫ್‌ಡಿ 25, ಟ್ರಸ್ಟಿಯಿಂದ ಕೈಸಾಲ 5. ಒಟ್ಟು 127.

ಹೋದದ್ದು: ಕಾರ್ಯಕ್ರಮದ ಖರ್ಚು 41, ಕಾರ್ಯಕ್ರಮ ಸಿಬ್ಬಂದಿ ಸಂಬಳ 11, ಆಡಳಿತ 9, ವಾಹನ ಖರೀದಿ 14, ಎಫ್‌ಡಿ ಇಟ್ಟದ್ದು 28, ಕೈಸಾಲ ವಾಪಸ್ 5, ಕೊನೆಯ ಶಿಲ್ಕು 19. ಒಟ್ಟು 127.

ವಸಂತಾ, ದಾವಣಗೆರೆ

ಇದೇ ಬೇಕಿತ್ತು. ನಿಧಾನಕ್ಕೆ ನೋಡೋಣ.

ಈ ಪಟ್ಟಿ ನಗದು ಪುಸ್ತಕದ ಸಾರಾಂಶ ಅಷ್ಟೇ. ಬ್ಯಾಂಕಿಗೆ ಏನು ಬಂತು, ಏನು ಹೋಯಿತು ಅನ್ನೋದು ಮಾತ್ರ ಇದರಲ್ಲಿ ಇರುತ್ತದೆ. ಹೋದ ವರ್ಷ ಉಳಿದ 18 ಲಕ್ಷ ಈ ವರ್ಷದ ಆದಾಯವಲ್ಲ. ಎಫ್‌ಡಿ ಮುರಿದು ಬಂದ 25 ಅವರದೇ ದುಡ್ಡು. ಕೈಸಾಲದ 5 ತೀರಿಸಬೇಕಾದದ್ದು. ಮೂಲನಿಧಿಯ 12 ಇಟ್ಟುಕೊಳ್ಳಿ ಅಂತ ಕೊಟ್ಟದ್ದು, ಹಾಗಾಗಿ ಅದು ನೇರ ಬ್ಯಾಲೆನ್ಸ್ ಶೀಟಿಗೆ ಹೋಗುತ್ತದೆ. 127ರಲ್ಲಿ ಈ ನಾಲ್ಕನ್ನೂ, ಅಂದರೆ 60 ಲಕ್ಷವನ್ನು ಕಳೆದರೆ ಉಳಿಯುವುದು 67. ಆಡಿಟರ್ ತೋರಿಸಿದ ಆದಾಯ ಅದೇ.

ಅಧ್ಯಕ್ಷರ 79ಕ್ಕೆ ಬರೋಣ. 67ಕ್ಕೆ ಮೂಲನಿಧಿಯ 12 ಸೇರಿಸಿದರೆ 79. ‘ದಾನಿಗಳಿಂದ’ ಅಂತ ಬರೆದಿದ್ದಾರೆ, ಆದರೆ ಅದರಲ್ಲಿ 3 ಲಕ್ಷ ಬ್ಯಾಂಕ್ ಬಡ್ಡಿ. ದೊಡ್ಡ ತಪ್ಪಲ್ಲ, ಆದರೂ ತಪ್ಪೇ.

ಮೂರು ಮೊತ್ತವೂ ಒಂದೇ ಪಟ್ಟಿಯಿಂದ ಬಂದಿದೆ. ತೊಂದರೆ ಇರುವುದು 127ನ್ನು ‘ಆದಾಯ’ ಅಂತ ಕರೆದದ್ದರಲ್ಲಿ. ಈಗ ಆ ಶೇ. 7 ಎಲ್ಲಿಂದ ಬಂತು ನೋಡಿ. 9ನ್ನು 127ರಿಂದ ಭಾಗಿಸಿ.

ತಿಪ್ಪೇಶ್, ಚಳ್ಳಕೆರೆ

7.09 ಬಂತು. ಹಾಗಾದರೆ ಶೇ. 93 ಅಂದರೆ ಆಡಳಿತ ಬಿಟ್ಟು ಉಳಿದದ್ದೆಲ್ಲಾ!

ವಸಂತಾ, ದಾವಣಗೆರೆ

ಹೌದು. ಬ್ಯಾಂಕಿನಲ್ಲಿ ಕೂತಿರುವ 19 ಲಕ್ಷ, ಮತ್ತೆ ಇಟ್ಟ ಎಫ್‌ಡಿ, ಟ್ರಸ್ಟಿಗೆ ವಾಪಸ್ ಕೊಟ್ಟ ಸಾಲ, ಹೊಸ ಗಾಡಿ, ಇವೆಲ್ಲಾ ‘ಸೇವಾ ಕಾರ್ಯ’ದ ಬಣ್ಣದೊಳಗೆ ಸೇರಿಹೋಗಿವೆ. ಖರ್ಚಾಗದೆ ಉಳಿದ ದುಡ್ಡನ್ನೂ ಸೇವೆ ಅಂತ ಎಣಿಸಿದ್ದಾರೆ.

ಸರಿಯಾಗಿ ನೋಡಬೇಕಾದರೆ ಆ ವರ್ಷ ನಿಜವಾಗಿ ಖರ್ಚಾದದ್ದನ್ನು ಮಾತ್ರ ತೆಗೆದುಕೊಳ್ಳಿ. 41, 11, 9 ಸೇರಿ 61 ಲಕ್ಷ. ಅದರಲ್ಲಿ ಆಡಳಿತ 9, ಹತ್ತಿರ ಹತ್ತಿರ ಶೇ. 15. ಕಾರ್ಯಕ್ರಮಕ್ಕೆ ಶೇ. 85. ನನ್ನ ಕೇಳಿದರೆ ಇದು ಮರ್ಯಾದೆಯ ಲೆಕ್ಕ. ಲೆಕ್ಕ ಬರೆಯುವವರು, ಬಾಡಿಗೆ, ಆಡಿಟ್ ಫೀಸು ಇಲ್ಲದೆ ಯಾವ ಸಂಸ್ಥೆಯೂ ನಡೆಯಲ್ಲ. 15 ಅಂತಲೇ ಬರೆಯಬಹುದಿತ್ತು.

ರುದ್ರೇಶ್, ಹಿರಿಯೂರು

ನೋಡಿ, ನಾನು ಹೇಳಿದ್ದೇ ಆಯ್ತು. 14 ಲಕ್ಷದ ಗಾಡಿ ಯಾಕೆ ಬೇಕಿತ್ತು? ಅದು ಬಡವರ ದುಡ್ಡಲ್ವಾ? ಅದನ್ನೂ ಆಡಳಿತಕ್ಕೆ ಸೇರಿಸಿ, ಆಗ ಬಣ್ಣ ಗೊತ್ತಾಗುತ್ತೆ.

ಶಬಾನಾ, ಚಿತ್ರದುರ್ಗ

ರುದ್ರೇಶ್ ಅಣ್ಣ, ನಾನು ಕಣ್ಣಿನ ತಪಾಸಣೆ ಮಾಡುವವಳು. ಬೇರೆ ಸಂಸ್ಥೆಯೊಂದರ ಶಿಬಿರಗಳಲ್ಲಿ ಕೆಲಸ ಮಾಡಿದ್ದೇನೆ. ಮೊಳಕಾಲ್ಮೂರು ಕಡೆಯ ಹಳ್ಳಿಗಳಿಂದ ವಯಸ್ಸಾದವರನ್ನು ಆಪರೇಷನ್‌ಗೆ ಕರೆತಂದು, ಮತ್ತೆ ಮನೆಗೆ ಬಿಟ್ಟು ಬರಬೇಕು ಅಂದರೆ ಗಾಡಿ ಬೇಕೇ ಬೇಕು. ಗಾಡಿ ಬರಲ್ಲ ಅಂತ ಗೊತ್ತಾದರೆ ಅರ್ಧ ಜನ ಹೊರಡೋದೇ ಇಲ್ಲ. ಗಾಡಿ ತಗೊಂಡದ್ದು ತಪ್ಪು ಅಂತ ಇಲ್ಲಿಂದಲೇ ತೀರ್ಮಾನ ಮಾಡಬೇಡಿ. ಲಾಗ್ ಪುಸ್ತಕ ನೋಡಿ, ಎಲ್ಲೆಲ್ಲಿ ಓಡಿದೆ ಅಂತ ಗೊತ್ತಾಗುತ್ತೆ.

ವಸಂತಾ, ದಾವಣಗೆರೆ

ಶಬಾನಾ ಹೇಳಿದ್ದು ಸರಿ. ಸಂಸ್ಥೆಯ ಉದ್ದೇಶಕ್ಕೇ ಗಾಡಿ ಕೊಂಡರೆ ಆದಾಯ ತೆರಿಗೆಯವರೂ ಅದನ್ನು ಉದ್ದೇಶಕ್ಕೆ ಬಳಸಿದ ಹಣ ಅಂತಲೇ ಒಪ್ಪುತ್ತಾರೆ. ವರ್ಷದ ಆದಾಯದಲ್ಲಿ ಶೇ. 85 ಬಳಸಬೇಕು ಅನ್ನೋ ನಿಯಮಕ್ಕೂ ಅದು ಸೇರುತ್ತದೆ. ಎಫ್‌ಡಿ ಸೇರಲ್ಲ.

ಆದರೆ ಆ ಗಾಡಿಗೆ ದುಡ್ಡು ಎಲ್ಲಿಂದ ಬಂತು ಅನ್ನೋದೇ ನನಗೆ ಈ ವರದಿಯ ಮುಖ್ಯ ಪ್ರಶ್ನೆ. ಶೇ. 93ಕ್ಕಿಂತ ಇದು ದೊಡ್ಡದು.

ಮೂಲನಿಧಿಗೆ 12 ಲಕ್ಷ ಬಂತು. ಅಂಥ ದುಡ್ಡು ಕೊಡುವವರು ‘ಅಸಲು ಮುಟ್ಟಬೇಡಿ, ಬಡ್ಡಿ ಬಳಸಿ’ ಅಂತ ಬರೆದುಕೊಡುತ್ತಾರೆ. ಅದನ್ನು ಕಾನೂನು ಹೇಳಿದ ರೀತಿಯಲ್ಲೇ, ಸಾಮಾನ್ಯವಾಗಿ ಬ್ಯಾಂಕ್ ಠೇವಣಿಯಾಗಿ, ಮೂಲನಿಧಿಗೆ ಅಂತ ಗುರುತಿಸಿ ಇಡಬೇಕು. ಹಾಗಾದರೆ ವರ್ಷದ ಕೊನೆಗೆ ಸಂಸ್ಥೆಯ ಬ್ಯಾಂಕ್ ಶಿಲ್ಕು ಮತ್ತು ಎಫ್‌ಡಿ ಎರಡೂ ಸೇರಿ ಎಷ್ಟು ಏರಿರಬೇಕು? ಉಳಿದ ಆದಾಯ ಪೂರ್ತಿ ಖರ್ಚಾಗಿದ್ದರೂ ಕನಿಷ್ಠ 12 ಏರಬೇಕು.

ಇಲ್ಲಿ ಎಫ್‌ಡಿ 25 ಮುರಿದು 28 ಇಟ್ಟಿದ್ದಾರೆ, 3 ಏರಿತು. ಶಿಲ್ಕು 18ರಿಂದ 19 ಆಗಿದೆ, 1 ಏರಿತು. ಒಟ್ಟು 4. ಮಿಕ್ಕ 8 ಲಕ್ಷ ಎಲ್ಲಿ? ಕೈಸಾಲ ಬಂದಷ್ಟೇ ಹೋಗಿದೆ, ಅದರಿಂದ ವ್ಯತ್ಯಾಸವಿಲ್ಲ. ಮಾಮೂಲಿ ಆದಾಯ 67, ಖರ್ಚು 61, ಉಳಿದದ್ದು 6. ಗಾಡಿ 14. ಅಲ್ಲಿ 8 ಕಡಿಮೆ ಬಿತ್ತು. ಅದೇ 8.

ತಿಪ್ಪೇಶ್, ಚಳ್ಳಕೆರೆ

ಮೇಡಂ, ಅಂದರೆ ಮೂಲನಿಧಿಯ ದುಡ್ಡಲ್ಲಿ ಗಾಡಿ ಕೊಂಡಿದ್ದಾರೆ ಅಂತಾನಾ?

ವಸಂತಾ, ದಾವಣಗೆರೆ

ಹಾಗೇ ಕಾಣುತ್ತೆ, ಆದರೆ ಇಷ್ಟರಿಂದಲೇ ಅವರ ಮೇಲೆ ಆರೋಪ ಹೊರಿಸಬೇಡಿ. ಹಿಂದಿನ ವರ್ಷಗಳಲ್ಲಿ ಗಾಡಿಗಾಗಿ ತೆಗೆದಿಟ್ಟ ದುಡ್ಡು ಆರಂಭದ ಶಿಲ್ಕಿನಲ್ಲಿ ಇದ್ದಿರಬಹುದು. ಆಗ ಮೂಲನಿಧಿಯ 12 ಕೊನೆಯ ಶಿಲ್ಕು 19ರೊಳಗೆ ಹಾಗೇ ಕೂತಿರಬಹುದು. ಮೂಲನಿಧಿಯ ದಾನಿಯೇ ಗಾಡಿ ಕೊಳ್ಳಿ ಅಂತ ಬರೆದುಕೊಟ್ಟಿರಬಹುದು. ತುರ್ತಿಗೆ ಬಳಸಿಕೊಂಡು ಮತ್ತೆ ತುಂಬಲೂ ಕಾನೂನಿನಲ್ಲಿ ದಾರಿ ಇದೆ. ಅದಕ್ಕೆ 5 ವರ್ಷದ ಗಡುವು ಇದೆ.

ಬ್ಯಾಲೆನ್ಸ್ ಶೀಟಿನ ಜೊತೆ ಅನುಸೂಚಿ ಅಂತ ಹಾಳೆಗಳಿರುತ್ತವೆ. ಒಂದರಲ್ಲಿ ಮೂಲನಿಧಿ ಎಷ್ಟಿದೆ ಅಂತಿರುತ್ತೆ, ಇನ್ನೊಂದರಲ್ಲಿ ಹೂಡಿಕೆ ಎಷ್ಟಿದೆ ಅಂತಿರುತ್ತೆ. ಮೂಲನಿಧಿಯ ಮೊತ್ತಕ್ಕಿಂತ ಹೂಡಿಕೆ ಕಡಿಮೆ ಇದ್ದರೆ ಕೇಳಲೇಬೇಕು. ನಿಮ್ಮ ವರದಿಯಲ್ಲಿ ಆ ಹಾಳೆ ಇದೆಯಾ?

ತಿಪ್ಪೇಶ್, ಚಳ್ಳಕೆರೆ

ಇಲ್ಲ ಮೇಡಂ. ‘ಅನುಸೂಚಿ 1ರಿಂದ 9 ನೋಡಿ’ ಅಂತಿದೆ, ಆದರೆ ಆ ಅನುಸೂಚಿಗಳನ್ನು ವರದಿಯಲ್ಲಿ ಸೇರಿಸಿಲ್ಲ. ಕೇಳುತ್ತೇನೆ.

ನಾಗವೇಣಿ, ಜಗಳೂರು

ನಾನು ಒಂದು ಸಣ್ಣ ಸಂಸ್ಥೆ ನಡೆಸುತ್ತೇನೆ. ಓದುತ್ತಾ ಬೇಜಾರಾಯ್ತು, ಯಾಕಂದರೆ ಇಂಥ ದುಂಡನೆ ಚಿತ್ರ ಯಾಕೆ ಹುಟ್ಟುತ್ತೆ ಅಂತ ನನಗೆ ಗೊತ್ತು. ದಾನಿ ಬಂದು ಕೇಳುವ ಮೊದಲ ಪ್ರಶ್ನೆಯೇ ‘ನನ್ನ ನೂರು ರೂಪಾಯಲ್ಲಿ ಎಷ್ಟು ಬಡವರಿಗೆ ಹೋಗುತ್ತೆ?’ 85 ಅಂದರೆ ಮುಖ ಸಣ್ಣದು ಮಾಡುತ್ತಾರೆ. ಪಕ್ಕದ ಸಂಸ್ಥೆ 95 ಅಂತ ಬರೆದಿರುತ್ತೆ. ಸಂಬಳಕ್ಕೆ ಅಂತ ಯಾರೂ ಒಂದು ರೂಪಾಯಿ ಕೊಡಲ್ಲ. ಸಿಎಸ್‌ಆರ್ ಫಾರಂನಲ್ಲಿ ‘ಎಷ್ಟು ಜೀವಗಳನ್ನು ತಲುಪಿದಿರಿ’ ಅಂತ ಒಂದು ಖಾನೆ ಇರುತ್ತೆ, ಅದು ಸಾವಿರದಲ್ಲಿ ಇಲ್ಲದಿದ್ದರೆ ಅರ್ಜಿ ಮುಂದೆ ಹೋಗಲ್ಲ. ವರದಿಯ ವಿನ್ಯಾಸ ಮಾಡುವವರಿಗೆ ಜಮೆ ಯಾವುದು, ಆದಾಯ ಯಾವುದು ಗೊತ್ತಿರಲ್ಲ.

ಇವರು ಮಾಡಿದ್ದು ಸರಿ ಅಂತ ಹೇಳುತ್ತಿಲ್ಲ. ಆದರೆ ಆಡಿಟ್ ಹಾಳೆಯನ್ನು ಮುಚ್ಚಿಡದೆ ಹಾಕಿದ್ದಾರಲ್ಲ, ಎಷ್ಟೋ ಜನ ಅದನ್ನೂ ಹಾಕಲ್ಲ.

ರುದ್ರೇಶ್, ಹಿರಿಯೂರು

ಅಕ್ಕ, ಕಷ್ಟ ಇದೆ ಅಂತ ಎಫ್‌ಡಿಯನ್ನು ಸೇವೆ ಅನ್ನೋಕಾಗುತ್ತಾ?

ನಾಗವೇಣಿ, ಜಗಳೂರು

ಆಗಲ್ಲ. ಅದನ್ನು ನಾನೂ ಒಪ್ಪುತ್ತೇನೆ.

ಶಬಾನಾ, ಚಿತ್ರದುರ್ಗ

ನನಗೆ ದುಡ್ಡಿಗಿಂತ ಆ 24,600ರ ಬಗ್ಗೆ ಜಾಸ್ತಿ ಅನುಮಾನ. ತಿಪ್ಪೇಶಣ್ಣ, ಅದನ್ನು ಎಲ್ಲಾದರೂ ಬಿಡಿಸಿ ಬರೆದಿದ್ದಾರಾ?

ತಿಪ್ಪೇಶ್, ಚಳ್ಳಕೆರೆ

ಇದೆ. ಕಣ್ಣಿನ ತಪಾಸಣೆ 6,800. ಶಾಲಾ ಕಿಟ್ 2,600. ಟ್ಯೂಷನ್ 1,200. ನಾಯಕನಹಟ್ಟಿ ಜಾತ್ರೆಯಲ್ಲಿ ಆರೋಗ್ಯ ಜಾಗೃತಿ 14,000. ಜೊತೆಗೆ ‘640 ಜನರಿಗೆ ಮರಳಿದ ದೃಷ್ಟಿ’ ಅಂತ ಬೇರೆ ಒಂದು ಪುಟ ಇದೆ, ಅದರಲ್ಲಿ ಒಬ್ಬ ಅಜ್ಜಿಯ ಫೋಟೋ.

ಶಬಾನಾ, ಚಿತ್ರದುರ್ಗ

ಜಾತ್ರೆಯ 14,000 ಬಹುಶಃ ಹಂಚಿದ ಕರಪತ್ರದ ಲೆಕ್ಕ. ನಾನು ಕೆಲಸ ಮಾಡಿದ ಕಡೆ ಹಾಗೇ ಮಾಡುತ್ತಿದ್ದರು. ತಿಪ್ಪೇಸ್ವಾಮಿ ತೇರಿನ ದಿನ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮಳಿಗೆ ಹಾಕಿದರೆ ಕೈಗೆ ಸಿಕ್ಕವರಿಗೆಲ್ಲ ಕಾಗದ ಕೊಡುತ್ತೇವೆ. ಅದನ್ನು ಕೊಟ್ಟದ್ದು ನಿಜ, ಆದರೆ ಅದರಿಂದ ಒಬ್ಬರ ಬದುಕಿನಲ್ಲಿ ಏನಾಯ್ತು ಅಂತ ಯಾರಿಗೂ ಗೊತ್ತಿಲ್ಲ. ಒಟ್ಟು ಸಂಖ್ಯೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕಾಗದವೇ.

6,800 ತಪಾಸಣೆಯೂ ಜನರ ಸಂಖ್ಯೆ ಆಗಿರಲಿಕ್ಕಿಲ್ಲ. ಒಬ್ಬರೇ ಎರಡು ಶಿಬಿರಕ್ಕೆ ಬಂದರೆ ರಿಜಿಸ್ಟರಿನಲ್ಲಿ ಎರಡು ಸಾಲು.

ಮುಖ್ಯವಾದದ್ದು 640. ಶಿಬಿರದಲ್ಲಿ ನಾವು ಪೊರೆ ಇದೆ, ಆಪರೇಷನ್ ಬೇಕು ಅಂತ ಬರೆದುಕೊಡುತ್ತೇವೆ. ಅಲ್ಲಿಂದ ಆಸ್ಪತ್ರೆ ತಲುಪುವವರು ಕಡಿಮೆ. ಶೇಂಗಾ ಕೀಳುವ ಸಮಯದಲ್ಲಿ ಶಿಬಿರ ಇಟ್ಟರೆ ಜೊತೆಗೆ ಬರುವ ಮಗ ಸೊಸೆ ಹೊಲದಲ್ಲಿರುತ್ತಾರೆ. ಇನ್ನು ಕೆಲವರನ್ನು ಬಿಪಿ, ಸಕ್ಕರೆ ಜಾಸ್ತಿ ಅಂತ ಆಸ್ಪತ್ರೆಯವರೇ ವಾಪಸ್ ಕಳಿಸುತ್ತಾರೆ. ಆಪರೇಷನ್ ಆದವರಲ್ಲೂ ಕೆಲವು ವಾರ ಬಿಟ್ಟು ಮತ್ತೆ ಕಣ್ಣು ಪರೀಕ್ಷೆ ಮಾಡಿ, 6/18 ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತಾ ಅಂತ ಬರೆದಿಟ್ಟರೆ ಮಾತ್ರ ‘ದೃಷ್ಟಿ ಮರಳಿತು’ ಅನ್ನಬಹುದು. ಹಾಗಾಗಿ ನಾಲ್ಕು ಸಂಖ್ಯೆ ಕೇಳಿ: ಎಷ್ಟು ಜನರಿಗೆ ಬರೆದುಕೊಟ್ಟರು, ಎಷ್ಟು ಜನರಿಗೆ ಆಪರೇಷನ್ ಆಯಿತು, ಎಷ್ಟು ಜನರನ್ನು ಮತ್ತೆ ಪರೀಕ್ಷೆ ಮಾಡಿದರು, ಅವರಲ್ಲಿ ಎಷ್ಟು ಜನರಿಗೆ ಕಾಣಿಸುತ್ತಿದೆ. ಆಪರೇಷನ್ ದುಡ್ಡು ಯಾರು ಕೊಟ್ಟರು ಅಂತಲೂ ಕೇಳಿ. ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಇಂಥ ಆಪರೇಷನ್‌ಗಳಿಗೆ ಆಸ್ಪತ್ರೆಗೆ ಸರ್ಕಾರದ ಅನುದಾನ ಸಿಗುತ್ತೆ. ಅದನ್ನೇ ಆಸ್ಪತ್ರೆಯೂ, ಸಂಸ್ಥೆಯೂ, ಇಲಾಖೆಯೂ ತಮ್ಮ ತಮ್ಮ ವರದಿಯಲ್ಲಿ ಪೂರ್ತಿಯಾಗಿ ಎಣಿಸಿಕೊಳ್ಳುತ್ತವೆ.

ಹನುಮಂತಪ್ಪ ಮೇಷ್ಟ್ರು, ಹೊಸದುರ್ಗ

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತಿಪ್ಪೇಶ್, ಟ್ಯೂಷನ್ ಬಗ್ಗೆ ಅವರು ಏನು ಬರೆದಿದ್ದಾರೆ? ಹಿಂದಿನ ವರ್ಷದ ವರದಿ ಸಿಕ್ಕರೆ ಅದನ್ನೂ ಪಕ್ಕದಲ್ಲಿಟ್ಟು ನೋಡಪ್ಪ.

ತಿಪ್ಪೇಶ್, ಚಳ್ಳಕೆರೆ

ಸರ್, ಎರಡೂ ಇವೆ. 2022-23ರಲ್ಲಿ ‘ನಮ್ಮ ಟ್ಯೂಷನ್ ಕೇಂದ್ರಗಳ ಫಲವಾಗಿ ಶೇ. 94 ಮಕ್ಕಳು ಎಸ್ಸೆಸ್ಸೆಲ್ಸಿ ಪಾಸ್’ ಅಂತ ದೊಡ್ಡದಾಗಿ ಇದೆ. 2023-24ರಲ್ಲಿ ಪಾಸಿನ ಸಂಖ್ಯೆಯೇ ಇಲ್ಲ. ‘ಶೇ. 92 ಹಾಜರಾತಿ, ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚಳ’ ಅಂತಿದೆ.

ಹನುಮಂತಪ್ಪ ಮೇಷ್ಟ್ರು, ಹೊಸದುರ್ಗ

ನಾನು ಅಂದುಕೊಂಡ ಹಾಗೇ ಇದೆ. 2023ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು, ನೆನಪಿದೆಯಾ? ಶೇ. 96.80. ಇಡೀ ಜಿಲ್ಲೆಯಲ್ಲಿ ಟ್ಯೂಷನ್ ಇದ್ದವರು, ಇಲ್ಲದವರು ಎಲ್ಲಾ ಸೇರಿ 96.80 ಆದಾಗ, ಈ ಕೇಂದ್ರಗಳ ಮಕ್ಕಳು 94. ಅಂದರೆ ಜಿಲ್ಲೆಯ ಸರಾಸರಿಗಿಂತ ಕೆಳಗೆ. ಅದನ್ನು ‘ನಮ್ಮ ಫಲ’ ಅಂತ ಹೇಗೆ ಹೇಳುತ್ತಾರೆ?

ಮಾರನೇ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಆಯಿತು. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ನಮ್ಮ ಜಿಲ್ಲೆ 73ರ ಆಸುಪಾಸಿಗೆ ಬಂತು. ಅದೇ ವರ್ಷ ಇವರ ವರದಿಯಿಂದ ಪಾಸಿನ ಸಂಖ್ಯೆ ಮಾಯ.

ನನಗೆ ಬೇಸರ ಆಗೋದು ಇದಕ್ಕೇ. 2024ರಲ್ಲಿ ಇವರ ಮಕ್ಕಳು 80 ತೆಗೆದಿದ್ದರೆ ಅದು ಹಿಂದಿನ 94ಕ್ಕಿಂತ ದೊಡ್ಡ ಸಾಧನೆ ಆಗುತ್ತಿತ್ತು! ಜಿಲ್ಲೆಗಿಂತ ಮೇಲೆ. ಸಂಖ್ಯೆ ಇಳಿಯಿತು ಅಂತ ಹೆದರಿ ಬಿಟ್ಟಿದ್ದರೆ ತಮ್ಮ ಒಳ್ಳೆ ಕೆಲಸವನ್ನೇ ಮುಚ್ಚಿಟ್ಟ ಹಾಗಾಯ್ತು.

ಇನ್ನೊಂದು ಮಾತು. ಕೇಂದ್ರಕ್ಕೆ ಯಾವ ಮಕ್ಕಳನ್ನು ಸೇರಿಸಿಕೊಂಡರು ಅನ್ನೋದೂ ಗೊತ್ತಾಗಬೇಕು. ಶಾಲೆಯ ತೀರಾ ಹಿಂದುಳಿದ ಮಕ್ಕಳನ್ನೇ ಕರೆದಿದ್ದರೆ 94 ಅನ್ನೋದು ಅದ್ಭುತ. ಓದುವ ಮಕ್ಕಳೇ ಬಂದಿದ್ದರೆ ಟ್ಯೂಷನ್ ಇಲ್ಲದೆಯೂ ಪಾಸಾಗುತ್ತಿದ್ದರು. ಇದನ್ನು ತಿಳಿಯೋಕೆ ದೊಡ್ಡ ಸಂಶೋಧನೆ ಬೇಡ. ಒಂಬತ್ತನೇ ತರಗತಿಯ ಅಂಕ, ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಶಾಲೆಯಲ್ಲೇ ಇರುತ್ತವೆ. ಅದೇ ಶಾಲೆಯಲ್ಲಿ ಅಷ್ಟೇ ಅಂಕ ಇದ್ದು ಟ್ಯೂಷನ್‌ಗೆ ಹೋಗದ ಮಕ್ಕಳ ಫಲಿತಾಂಶ ಪಕ್ಕದಲ್ಲಿ ಇಡಲಿ.

ನಾಗವೇಣಿ, ಜಗಳೂರು

ಸರ್, ಹೋಲಿಕೆ ಮಾಡಬೇಕು ಅನ್ನೋದು ಸರಿ. ಆದರೆ ಬೇರೆ ಮಕ್ಕಳ ಅಂಕ ಶಾಲೆಯವರು ನಮಗೆ ಕೊಡಲ್ಲ, ಬಿಇಒ ಕಚೇರಿಗೆ ಅಲೆಯಬೇಕು. ಹೊತ್ತು ಗೊತ್ತಿಲ್ಲದೆ ಕೆಲಸ ಮಾಡುವ ಇಬ್ಬರು ಹುಡುಗಿಯರಿಗೆ ಇದನ್ನೂ ಹೊರಿಸೋದು ಹೇಗೆ?

ಹನುಮಂತಪ್ಪ ಮೇಷ್ಟ್ರು, ಹೊಸದುರ್ಗ

ಹೆಸರು ಬೇಡ ತಾಯಿ, ಅಂಕಗಳ ಪಟ್ಟಿ ಸಾಕು ಅಂದರೆ ಎಷ್ಟೋ ಮುಖ್ಯ ಶಿಕ್ಷಕರು ಕೊಡುತ್ತಾರೆ. ಅದೂ ಆಗದಿದ್ದರೆ ‘ನಮ್ಮ ಫಲವಾಗಿ’ ಅನ್ನೋದನ್ನು ಬಿಟ್ಟು ‘ನಮ್ಮಲ್ಲಿ ಓದಿದವರಲ್ಲಿ ಇಷ್ಟು ಜನ ಪಾಸು, ಜಿಲ್ಲೆಯ ಫಲಿತಾಂಶ ಇಷ್ಟು’ ಅಂತ ಬರೆಯಲಿ. ಅದಕ್ಕೆ ಖರ್ಚಿಲ್ಲ.

ತಿಪ್ಪೇಶ್, ಚಳ್ಳಕೆರೆ

ಎಲ್ಲರ ಮಾತನ್ನೂ ಸೇರಿಸಿ ಒಂದು ಪತ್ರ ಬರೆದು ಕಳಿಸಿದ್ದೆ. ಅವರ ಕಾರ್ಯದರ್ಶಿ ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದರು. ಸಿಟ್ಟು ಮಾಡಿಕೊಳ್ಳಲಿಲ್ಲ.

ಕಣ್ಣಿನದು: 640 ಅನ್ನೋದು ಆಪರೇಷನ್ ಬೇಕು ಅಂತ ಬರೆದುಕೊಟ್ಟವರ ಸಂಖ್ಯೆ. ಆಪರೇಷನ್ ಆದದ್ದು 410. ಮತ್ತೆ ಪರೀಕ್ಷೆ ಮಾಡಿದ ದಾಖಲೆ 150 ಜನರದ್ದು ಮಾತ್ರ ಇದೆ, ಅವರಲ್ಲಿ 126 ಜನರಿಗೆ ಶಬಾನಾ ಹೇಳಿದ ಮಟ್ಟಕ್ಕೆ ಕಾಣಿಸುತ್ತಿದೆ. ಜಾತ್ರೆಯದು ಕರಪತ್ರದ ಸಂಖ್ಯೆಯೇ.

ಟ್ಯೂಷನ್: 2024ರ ಫಲಿತಾಂಶ ಅವರ ಹತ್ತಿರ ಇದೆ, ಶೇ. 78 ಅಂತೆ. ‘94ರಿಂದ 78 ಅಂತ ಹಾಕಿದರೆ ಸಿಎಸ್‌ಆರ್‌ನವರು ಏನಂದುಕೊಳ್ಳುತ್ತಾರೋ ಅಂತ ಬಿಟ್ಟೆವು’ ಅಂದರು. ಮೇಷ್ಟ್ರು ಹೇಳಿದ್ದನ್ನು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಮೂಲನಿಧಿ: ಗಾಡಿಗೆ ಅದರಿಂದಲೇ ‘ಸದ್ಯಕ್ಕೆ’ ತೆಗೆದದ್ದು, ಮುಂದೆ ತುಂಬುತ್ತೇವೆ ಅಂದರು. ಟ್ರಸ್ಟಿನ ಸಭೆಯಲ್ಲಿ ಠರಾವು ಆಗಿದೆಯಾ ಅಂತ ಕೇಳಿದ್ದಕ್ಕೆ, ಆಡಿಟರ್ ಊರಲ್ಲಿಲ್ಲ, ಬಂದ ಮೇಲೆ ಅನುಸೂಚಿ ಜೊತೆಗೆ ಕಳಿಸುತ್ತೇವೆ ಅಂದರು. ಇನ್ನೂ ಬಂದಿಲ್ಲ.

ಶಬಾನಾ, ಚಿತ್ರದುರ್ಗ

150ರಲ್ಲಿ 126 ಅಂದರೆ ಶೇ. 84. ಮತ್ತೆ ಬಂದವರ ಮಟ್ಟಿಗೆ ಒಳ್ಳೆ ಫಲಿತಾಂಶ. ಆದರೆ ಉಳಿದ 260 ಜನರ ಬಗ್ಗೆ ಇದರಿಂದ ಏನೂ ಗೊತ್ತಾಗಲ್ಲ. ಕಣ್ಣು ಚೆನ್ನಾಗಿ ಕಾಣುವವರು ಬರೋದು ಬಿಡುತ್ತಾರೆ, ತೀರಾ ಕಾಣದವರೂ ಬೇಸತ್ತು ಬರಲ್ಲ. ಯಾವ ಕಡೆ ಜಾಸ್ತಿ ಅಂತ ಹೇಳೋಕೆ ಮನೆ ಮನೆಗೆ ಹೋಗಬೇಕು.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ದುಡ್ಡಲ್ಲಿ ಒಂದು ಭಾಗ ಅದಕ್ಕೇ ಕೊಡಿ. ಒಬ್ಬರು ಆ ಹಳ್ಳಿಗಳಿಗೆ ಹೋಗಿ ಈ 260 ಜನರನ್ನು ಹುಡುಕಿ ಪರೀಕ್ಷೆ ಮಾಡಲಿ. ಕನ್ನಡಕದ ನಂಬರ್ ಬದಲಿಸಿದರೆ ಸಾಕು ಅನ್ನುವಂಥವರು ಖಂಡಿತ ಸಿಗುತ್ತಾರೆ.

ರುದ್ರೇಶ್, ಹಿರಿಯೂರು

ಮೂಲನಿಧಿ ಮುಟ್ಟಿದವರಿಗೆ ಮತ್ತೆ ದುಡ್ಡಾ? ನಾನು ಒಪ್ಪಲ್ಲ. ಬೇರೆಯವರು ನಂಬಿ ಕೊಟ್ಟ ಅಸಲನ್ನು ತೆಗೆದು, ವರದಿಯಲ್ಲಿ ಒಂದು ಸಾಲೂ ಬರೆಯದೆ ಇದ್ದವರು ನಾಳೆ ನಿಮ್ಮದನ್ನೂ ಹಾಗೇ ಮಾಡುತ್ತಾರೆ. ಶೇ. 20ರ ವಿಷಯದಲ್ಲಿ ನನಗೆ ಪೂರ್ತಿ ಗೊತ್ತಿರಲಿಲ್ಲ, ಆದರೆ ಈ ಮಾತು ಬದಲಿಸಲ್ಲ.

ವಸಂತಾ, ದಾವಣಗೆರೆ

ರುದ್ರೇಶ್ ಅವರ ಈ ಮಾತನ್ನು ನಾನು ತಳ್ಳಿಹಾಕಲ್ಲ. ಗಾಡಿ ಕೊಂಡದ್ದಕ್ಕಿಂತ ಹೇಳದೇ ಇದ್ದದ್ದು ನನಗೂ ಚುಚ್ಚುತ್ತೆ. ಠರಾವು ಇದ್ದು, ಅದರ ತಾರೀಖು ಗಾಡಿ ಕೊಳ್ಳುವ ಮೊದಲಿನದಾಗಿದ್ದರೆ ಒಂದು ಥರ. ಈಗ ಬರೆದು ಹಳೆ ತಾರೀಖು ಹಾಕಿದರೆ ಬೇರೆ ಥರ. ನಡಾವಳಿ ಪುಸ್ತಕದಲ್ಲಿ ಆ ಪುಟದ ಹಿಂದಿನ ಮತ್ತು ಮುಂದಿನ ಸಭೆಗಳ ತಾರೀಖು ನೋಡಿದರೆ ಗೊತ್ತಾಗುತ್ತೆ. ಬರೀ ಆ ಒಂದು ಪುಟದ ಫೋಟೋ ಕಳಿಸಿದರೆ ಒಪ್ಪಬೇಡಿ, ಅವರ ಕಚೇರಿಗೆ ಹೋಗಿ ಪುಸ್ತಕವನ್ನೇ ನೋಡಿ.

ತಿಪ್ಪೇಶ್, ಚಳ್ಳಕೆರೆ

ಮೇಡಂ, ನಮ್ಮ ಗುಂಪು ಎರಡು ಭಾಗ ಆಗಿದೆ. ಕೆಲವರಿಗೆ ಶಬಾನಾ ಹೇಳಿದ್ದು ಹಿಡಿಸಿದೆ, ಕೆಲವರು ರುದ್ರೇಶ್ ಕಡೆ. ಮೂಲನಿಧಿಗೆ 12 ಲಕ್ಷ ಕೊಟ್ಟವರ ಪತ್ರ ನೋಡೋಕೆ ಕೇಳಬಹುದಾ? ಒಂದು ವೇಳೆ ಕೊಡುವುದಾದರೆ ನಮ್ಮ ದುಡ್ಡಿಗೆ ಹೀಗಾಗದ ಹಾಗೆ ಏನು ಬರೆಯಬೇಕು?

ವಸಂತಾ, ದಾವಣಗೆರೆ

ಆ ಪತ್ರ ತೋರಿಸಬೇಕು ಅಂತ ಅವರಿಗೆ ಕಡ್ಡಾಯ ಇಲ್ಲ. ದಾನಿ ಒಪ್ಪಿದರೆ ತೋರಿಸಬಹುದು. ಕೇಳಿ ನೋಡಿ.

ನಿಮ್ಮ ದುಡ್ಡನ್ನು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ, ಜೊತೆಗೆ ಒಂದು ಪತ್ರ ಇಡಿ. ಇದು ಮೂಲನಿಧಿಗಲ್ಲ, ಆಪರೇಷನ್ ಆದವರ ಮರುಪರೀಕ್ಷೆಗೆ ಮಾತ್ರ, ಓಡಾಟ, ಸಂಬಳ, ಕನ್ನಡಕ ಇದರಲ್ಲೇ ಸೇರಿದೆ ಅಂತ ಬರೆಯಿರಿ. ಸಂಬಳ ಸೇರಿದೆ ಅಂತ ಬರೆಯೋದನ್ನು ಮರೆಯಬೇಡಿ, ಇಲ್ಲದಿದ್ದರೆ ನಾಗವೇಣಿ ಹೇಳಿದ ತೊಂದರೆ ಮತ್ತೆ ಬರುತ್ತೆ. ಲೆಕ್ಕದಲ್ಲಿ ಇದನ್ನು ಉದ್ದೇಶಿತ ನಿಧಿ ಅಂತ ಪ್ರತ್ಯೇಕ ತೋರಿಸಬೇಕು, ಮಾರ್ಚ್ 31ಕ್ಕೆ ಉಳಿದದ್ದು ಬ್ಯಾಲೆನ್ಸ್ ಶೀಟಿನಲ್ಲಿ ಕಾಣಬೇಕು ಅಂತಲೂ ಸೇರಿಸಿ. ಒಂದೇ ಸಲ 3 ಲಕ್ಷ ಬೇಡ. ಮೊದಲು 1 ಲಕ್ಷ ಕೊಡಿ. ಅನುಸೂಚಿ ಕೈಗೆ ಬರುವ ತನಕ ಅದನ್ನೂ ಕೊಡಬೇಡಿ.